ಸೋರುವ ಗೋಡೆ, ಓನರ್‌ಗೆ ತಿದ್ದಿ ಬರೆದ ಪತ್ರ

ತಮ್ಮ ತನ್ನ ಮನೆ ಓನರ್‌ಗೆ ಕಳಿಸಬೇಕೆಂದು ಬರೆದಿಟ್ಟಿದ್ದ ಮೆಸೇಜು ಹೀಗೆ ಶುರುವಾಗಿತ್ತು: "ಸರ್, ನಿಮಗೆ ಎಷ್ಟು ಸಲ ಹೇಳೋದು? ಮನೆ ಪೂರ್ತಿ ಸೋರ್ತಾ ಇದೆ. ಇದು ಮನುಷ್ಯರು ಇರೋ ಮನೆನಾ? ನಿಮಗೆ ಬಾಡಿಗೆ ಒಂದು ಬಂದ್ರೆ ಸಾಕು. ರಿಪೇರಿ ಆಗೋ ತನಕ ಇನ್ನು ಒಂದು ರೂಪಾಯಿನೂ ಕೊಡಲ್ಲ."

ಅದರ ಕೆಳಗೆ ಇನ್ನೂ ಉದ್ದಕ್ಕೆ ಇತ್ತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು, ಕಿಟಕಿಯ ಸೊಳ್ಳೆ ಪರದೆ ಹರಿದಿರುವುದು, ಗೇಟಿನ ಚಿಲಕ, ಕೆಳಗಿನ ಮನೆಯವರು ಬೈಕ್ ನಿಲ್ಲಿಸುವ ಜಾಗ, ಎಲ್ಲವೂ. ನಡುವೆ ಎಲ್ಲೋ ಒಂದು ಕಡೆ "ಸ್ವಿಚ್ ಮುಟ್ಟಿದ್ರೆ ಶಾಕ್ ಹೊಡೀತದೆ" ಅಂತಲೂ ಇತ್ತು. ನನ್ನ ಕಣ್ಣು ನಿಂತಿದ್ದು ಅಲ್ಲಿ. ಮೂರು ವರ್ಷದ ಮಗು ಓಡಾಡುವ ಮನೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಅದು ಸೊಳ್ಳೆ ಪರದೆ ಮತ್ತು ಬೈಕಿನ ನಡುವೆ ಹೂತುಹೋಗಿತ್ತು.

"ಕಳಿಸ್ಬೇಡ ಮಾರಾಯ, ನಾನು ಬಂದು ನೋಡ್ತೀನಿ" ಎಂದೆ. ನಾನು ಕೆಲಸ ಮಾಡುವುದು ಸಹಕಾರ ಸಂಘವೊಂದರಲ್ಲಿ. ಪತ್ರ ಬರೆಯುವುದು, ಬಂದ ಪತ್ರಗಳಿಗೆ ಉತ್ತರ ಕೊಡುವುದೇ ಅಲ್ಲಿ ನನ್ನ ಪಾಲಿನ ಕೆಲಸ. ಎಂತಹ ಪತ್ರಕ್ಕೆ ಉತ್ತರ ಹೋಗುತ್ತದೆ, ಎಂತಹದ್ದು ಫೈಲಿನಲ್ಲೇ ಉಳಿಯುತ್ತದೆ ಎಂಬುದನ್ನು ದಿನಾ ನೋಡುತ್ತೇನೆ.

ಮನೆ ಇರುವುದು ಶಿವಮೊಗ್ಗದ ಗೋಪಾಳದಲ್ಲಿ. ಮೊದಲ ಮಹಡಿ, ಅದರ ಮೇಲೆ ಬರೀ ತಾರಸಿ. ಓನರ್ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಇದೆ. ಕೆಟ್ಟವರಲ್ಲ. ಆದರೆ ಜೂನ್‌ನಿಂದ ಯಾವಾಗ ಫೋನ್ ಮಾಡಿದರೂ ಒಂದೇ ಉತ್ತರ: "ಮಳೆ ಬಿಡ್ಲಿ, ನೋಡನ." ಹಿಂದಿನ ವರ್ಷವೂ ಹೀಗೇ ಆಗಿತ್ತಂತೆ. ಮಳೆ ಬಿಟ್ಟಿತು, ಗೋಡೆ ಒಣಗಿತು, ತಮ್ಮನೂ ಸುಮ್ಮನಾದ, ಅವರೂ ಸುಮ್ಮನಾದರು. ನಮ್ಮ ಮಲೆನಾಡಿನ ಬಾಡಿಗೆ ಮನೆಗಳಲ್ಲಿ ಇದು ಎಷ್ಟು ಸಲ ನಡೆಯುತ್ತದೆ ನೋಡಿ. ಸೋರುವಾಗ ರಿಪೇರಿ ಮಾಡಲು ಆಗುವುದಿಲ್ಲ. ರಿಪೇರಿ ಮಾಡಲು ಆಗುವಾಗ ಸೋರುವುದಿಲ್ಲ.

ಆದ್ದರಿಂದ ಪತ್ರ ಬರೆಯುವ ಮೊದಲು ಗೋಡೆಯನ್ನೇ ಸರಿಯಾಗಿ ನೋಡಬೇಕಿತ್ತು. "ಮನೆ ಪೂರ್ತಿ ಸೋರ್ತಾ ಇದೆ" ಎಂದು ತಮ್ಮ ಬರೆದಿದ್ದ. ಹೋಗಿ ನೋಡಿದರೆ ಸೋರುತ್ತಿದ್ದದ್ದು ಒಂದೇ ಕೋಣೆ. ಮಲಗುವ ಕೋಣೆಯ ಪಶ್ಚಿಮದ ಗೋಡೆ, ಅದರಲ್ಲೂ ತಾರಸಿಗೆ ಸೇರುವ ಮೂಲೆ. ಬೂಷ್ಟು ಹಿಡಿದು ಬಣ್ಣ ಉಬ್ಬಿತ್ತು. "ಪೂರ್ತಿ" ಎಂದು ಬರೆದರೆ ಓನರ್ ಬಂದು ಒಣಗಿದ ಹಾಲ್ ತೋರಿಸಿ, "ಎಲ್ಲಿ ಪೂರ್ತಿ?" ಎಂದು ಕೇಳಬಹುದು. ಅಲ್ಲಿಗೆ ಉಳಿದ ಮಾತಿನ ತೂಕವೂ ಹೋಗುತ್ತದೆ.

ಒಂದು ಒಳ್ಳೆಯ ಕೆಲಸವನ್ನು ತಮ್ಮನ ಹೆಂಡತಿ ಮೊದಲೇ ಮಾಡಿಟ್ಟಿದ್ದಳು. ಜುಲೈ 12ರಂದು ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದಳು. "ಬೆಳೀತಾ ಇದ್ಯೋ ಇಲ್ವೋ ನೋಡನ ಅಂತ ಗೆರೆ ಹಾಕ್ದೆ ಅಕ್ಕ" ಎಂದಳು. ಆವತ್ತು ಕಲೆಯ ಅಗಲ ಎರಡೂವರೆ ಅಡಿ. ನಾನು ಹೋದಾಗ ಟೇಪ್ ಹಿಡಿದರೆ ನಾಲ್ಕು ಅಡಿ. ಆ ಗೆರೆ ಮತ್ತು ಟೇಪ್ ಎರಡೂ ಕಾಣುವಂತೆ ಫೋಟೊ ತೆಗೆದೆವು. ಕಲೆಯನ್ನು ಮಾತ್ರ ತೆಗೆದ ಫೋಟೊ ನೋಡಿದವರಿಗೆ ಅದು ಹಳೆಯದೋ ಹೊಸದೋ, ಅಂಗೈಯಷ್ಟೋ ಬಾಗಿಲಿನಷ್ಟೋ ತಿಳಿಯುವುದಿಲ್ಲ.

ಇನ್ನು ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಗೋಡೆ ದಿನಾ ಒಂದೇ ಥರ ಒದ್ದೆ ಇದ್ದರೆ ಒಳಗಿನ ಪೈಪಿನ ಮೇಲೆ ಅನುಮಾನ ಪಡಬೇಕು. ಇಲ್ಲಿ ಹಾಗಿರಲಿಲ್ಲ. ಎರಡು ದಿನ ಹೊಳವಾದರೆ ಅಂಚು ಬಿಳಿಚಿಕೊಂಡು ಒಣಗಲು ಶುರುವಾಗುತ್ತಿತ್ತು. ಮತ್ತೆ ಜಡಿಮಳೆ ಹಿಡಿದರೆ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತಿತ್ತು. ಆ ಗೋಡೆಯ ಆಚೆ ಬಚ್ಚಲಿಲ್ಲ, ಅದರೊಳಗೆ ನೀರಿನ ಪೈಪೂ ಇಲ್ಲ. ಅಂದರೆ ಬರುತ್ತಿರುವುದು ಮಳೆ ನೀರೇ.

ಮಳೆ ಸ್ವಲ್ಪ ನಿಂತಾಗ ತಾರಸಿಗೆ ಹತ್ತಿದೆವು. ಆ ಮೂಲೆಯಲ್ಲಿ ನೀರು ಇಳಿಯುವ ಪೈಪಿನ ಬಾಯಿಗೆ ಪಕ್ಕದ ಮನೆಯ ಮರದ ಎಲೆಗಳು ಮೆತ್ತಿಕೊಂಡಿದ್ದವು. ನೀರು ಪಾದ ಮುಳುಗುವಷ್ಟು ನಿಂತಿತ್ತು. ಎಲೆ ತೆಗೆದ ಕೂಡಲೇ ನೀರು ಗಳಗಳ ಇಳಿದುಹೋಯಿತು. ತಮ್ಮ ಖುಷಿಪಟ್ಟ. ಆದರೆ ನೀರು ಇಳಿದ ಮೇಲೆ ಇನ್ನೊಂದು ಕಂಡಿತು. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಸಂದಿನಲ್ಲಿ ಗಾರೆ ಬಿಟ್ಟುಕೊಂಡು ಉದ್ದಕ್ಕೆ ಬಿರುಕಾಗಿತ್ತು. ಐದು ಅಡಿಯಷ್ಟು ಉದ್ದ. ಕೆಳಗಿನ ಕಲೆ ಸರಿಯಾಗಿ ಅದರ ನೇರಕ್ಕೇ ಇತ್ತು.

ಎಲೆ ತೆಗೆಯುವುದು ಬಾಡಿಗೆಗೆ ಇರುವವರ ಕೆಲಸ. ಬಿರುಕು ಮುಚ್ಚಿಸುವುದು ಮನೆಯವರ ಕೆಲಸ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯದಿದ್ದರೆ ಓನರ್ ಹೇಳುವ ಮೊದಲ ಮಾತು "ನೀವು ಎಲೆ ತೆಗ್ದಿಲ್ಲ, ಅದಕ್ಕೇ" ಎಂದೇ ಆಗಿರುತ್ತಿತ್ತು. ಹಾಗಾಗಿ ಎಲೆ ತೆಗೆದು, ಮತ್ತೊಂದು ಜೋರು ಮಳೆ ಬರುವವರೆಗೆ ಪತ್ರವನ್ನು ತಡೆದೆವು. ಪುಷ್ಯ ಮಳೆ ಹಿಡಿದಿದ್ದರಿಂದ ಜಾಸ್ತಿ ಕಾಯಬೇಕಾಗಲಿಲ್ಲ. ತಾರಸಿಯಲ್ಲಿ ನೀರು ನಿಲ್ಲಲಿಲ್ಲ. ಆದರೂ ಗೋಡೆ ಒದ್ದೆಯಾಯಿತು. ಸೋರುವುದಕ್ಕೆ ಕಾರಣ ಬರೀ ಎಲೆಯಲ್ಲ ಎಂಬ ಮಾತನ್ನು ಈಗ ಧೈರ್ಯವಾಗಿ ಬರೆಯಬಹುದಿತ್ತು.

ಸ್ವಿಚ್ ಬೋರ್ಡ್ ಆ ಗೋಡೆಯಲ್ಲೇ ಇತ್ತು, ಕಲೆಯಿಂದ ಒಂದು ಗೇಣು ಕೆಳಗೆ. ಬೀದಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಬೋರ್ಡಿನ ಸ್ಕ್ರೂಗೆ ಟೆಸ್ಟರ್ ಇಟ್ಟರೆ ದೀಪ ಹೊತ್ತಿತು. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದಾಗ ಗೋಡೆಯೊಳಗಿನ ಬಾಕ್ಸಿನಲ್ಲಿ ನೀರಿನ ಹನಿಗಳಿದ್ದವು. "ಗೋಡೆ ಒಣಗೋ ತನಕ ಇಲ್ಲಿ ಏನು ಮಾಡಿದ್ರೂ ಅಷ್ಟೇ ಕಣ್ರೀ. ಬೋರ್ಡನ್ನ ಎದುರು ಗೋಡೆಗೆ ತೆಗೀಬೇಕು" ಎಂದರು. ಆ ಕೋಣೆಯ ಲೈನಿನ ಎಂಸಿಬಿ ಇಳಿಸಿ, ಅದಕ್ಕೆ ಟೇಪ್ ಸುತ್ತಿ ಹೋದರು. ಖರ್ಚು 3,200 ರೂಪಾಯಿ ಎಂದು ತಮ್ಮದೇ ಬಿಲ್ ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟರು. ಇಡೀ ಮನೆಗೆ ಒಂದು ಆರ್‌ಸಿಸಿಬಿ ಹಾಕಿಸಿದರೆ ಒಳ್ಳೆಯದು, ವಿದ್ಯುತ್ ಸೋರಿದರೆ ತಾನೇ ಲೈನ್ ಕಡಿಯುತ್ತದೆ ಎಂದೂ ಹೇಳಿದರು. ನಮಗೂ ಅದು ಬೇಕು ಅನ್ನಿಸಿತು. ಆದರೆ ಅದನ್ನು ಪತ್ರದಲ್ಲಿ ಸೇರಿಸಲಿಲ್ಲ. ಮೊದಲಿಂದ ಇಲ್ಲದ್ದನ್ನು ಹಾಕಿಸಿ ಎಂದು ಕೇಳುವುದು ರಿಪೇರಿಯಲ್ಲ, ಹೊಸ ಸೌಕರ್ಯ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ರಿಪೇರಿಯೂ ಚೌಕಾಸಿಯ ವಿಷಯವಾಗುತ್ತದೆ. ಅದನ್ನು ಆಮೇಲೆ ಬಾಯಿಮಾತಿನಲ್ಲಿ ಕೇಳುವುದು ಎಂದಾಯಿತು.

ಬಾಡಿಗೆ ಕರಾರನ್ನು ಹುಡುಕಿ ತೆಗೆಸಿದೆ. ಎಲ್ಲ ಕಡೆ ಇರುವಂತೆ 11 ತಿಂಗಳದ್ದು. ಅದರ 6ನೇ ಕಲಮಿನಲ್ಲಿ "ಸಣ್ಣಪುಟ್ಟ ದಿನನಿತ್ಯದ ರಿಪೇರಿಗಳು ಬಾಡಿಗೆದಾರರಿಗೆ ಸೇರಿದ್ದು, ಕಟ್ಟಡ, ತಾರಸಿ ಹಾಗೂ ವೈರಿಂಗ್‌ಗೆ ಸಂಬಂಧಿಸಿದ ರಿಪೇರಿಗಳು ಮಾಲೀಕರಿಗೆ ಸೇರಿದ್ದು" ಎಂದಿತ್ತು. ಸಹಿ ಹಾಕುವಾಗ ತಮ್ಮ ಅದನ್ನು ಓದಿರಲಿಲ್ಲ. ಈ ಒಂದು ಸಾಲು ಅವನ ಇಡೀ ಮೆಸೇಜಿಗಿಂತ ಗಟ್ಟಿ. ಅದೇ ಸಾಲಿನ ಪ್ರಕಾರ ನಲ್ಲಿಯ ವಾಷರು, ಸೊಳ್ಳೆ ಪರದೆ, ಚಿಲಕ ಎಲ್ಲವೂ ಅವನ ಪಾಲಿಗೇ ಬರುತ್ತಿದ್ದವು. ಅವನ್ನೆಲ್ಲ ಪತ್ರದಿಂದ ತೆಗೆದೆವು. ಬೈಕಿನ ವಿಷಯ ಕೆಳಗಿನ ಮನೆಯವರ ಹತ್ತಿರ ಮಾತಾಡುವುದು, ಓನರ್ ಹತ್ತಿರ ಅಲ್ಲ.

ಬಾಡಿಗೆ ನಿಲ್ಲಿಸುತ್ತೇನೆ ಎಂಬ ಸಾಲಿನ ಬಗ್ಗೆ ತಮ್ಮ ತುಂಬ ಹಟ ಮಾಡಿದ. "ಅದೊಂದು ಇಲ್ದಿದ್ರೆ ಅವ್ರಿಗೆ ಬಿಸಿ ಮುಟ್ಟಲ್ಲ ಅಕ್ಕ" ಎಂದ. ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಅವರು ಬಿಡಿಸಿ ಹೇಳಿದ್ದು ಇಷ್ಟು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಬಾಡಿಗೆದಾರರಿಗೆ ಒಂದು ಹಕ್ಕಿದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಇಲ್ಲಿ ಎರಡು ಗಂಟುಗಳಿವೆ. ಆ ರಿಪೇರಿ ಮಾಲೀಕರ ಜವಾಬ್ದಾರಿ ಎಂದು ಕರಾರಿನಲ್ಲೋ ಕಾನೂನಿನಲ್ಲೋ ಇರಬೇಕು. ಅವರಿಗೆ ತಿಳಿಸಿದ್ದಕ್ಕೆ, ಸಮಯ ಕೊಟ್ಟಿದ್ದಕ್ಕೆ ಗುರುತು ಇರಬೇಕು. ಖರ್ಚು ಮಾಡಿದಷ್ಟನ್ನು ಕಳೆದುಕೊಳ್ಳುವುದು ಬೇರೆ, ಬಾಡಿಗೆಯನ್ನೇ ನಿಲ್ಲಿಸುವುದು ಬೇರೆ. ನಿಲ್ಲಿಸಿದರೆ ಬಾಕಿ ಉಳಿಸಿಕೊಂಡವರು ಎಂದು ಮನೆ ಬಿಡಿಸಲು ಅವರಿಗೇ ಒಂದು ಕಾರಣ ಸಿಗುತ್ತದೆ. "ಮೊದಲನೇ ಪತ್ರದಲ್ಲಿ ಕಾಯ್ದೆ ಹೆಸರು ಎತ್ತಬೇಡಿ. ಕರಾರಿನ ಕಲಮು ಸಾಕು. ತಾರೀಖು ಮಾತ್ರ ಬಿಡಬೇಡಿ" ಎಂದರು ಅವರು. ನನಗೂ ಅದೇ ಸರಿ ಅನ್ನಿಸಿತು. ಕಾಯ್ದೆ ಎಂದು ಓದಿದ ಕೂಡಲೇ ಓನರ್ ಕೂಡ ವಕೀಲರ ಹತ್ತಿರ ಹೋಗುತ್ತಾರೆ, ಗಾರೆ ಕೆಲಸದವರ ಹತ್ತಿರ ಅಲ್ಲ.

"ಎಷ್ಟು ಸಲ ಹೇಳೋದು" ಎಂಬ ಸಾಲಿನ ಬದಲು ತಾರೀಖುಗಳನ್ನು ಹಾಕಿದೆವು. ತಮ್ಮನ ಫೋನಿನ ಕಾಲ್ ಪಟ್ಟಿ, ಫೋಟೊ ಕಳಿಸಿದ್ದ ಚಾಟ್ ಎರಡನ್ನೂ ನೋಡಿ ತೆಗೆದೆವು. ಜೂನ್ 14ರಂದು ಫೋನು, ಜುಲೈ 6ರಂದು ಫೋಟೊ. ಬೈಗುಳ ಇಲ್ಲದೆಯೇ ಓದಿದವರಿಗೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ.

ಅತಿ ಹೆಚ್ಚು ಹೊತ್ತು ಮಾತಾಡಿದ್ದು ಗಡುವಿನ ಬಗ್ಗೆ. ತಮ್ಮನ ಕರಡಿನಲ್ಲಿ "ತಕ್ಷಣ ತಾರಸಿ ರಿಪೇರಿ ಮಾಡಿಸಿ" ಎಂದಿತ್ತು. ಜುಲೈ ಕೊನೆಯಲ್ಲಿ ಶಿವಮೊಗ್ಗದಲ್ಲಿ ಯಾರಿಗೂ ಅದು ಆಗುವ ಕೆಲಸವಲ್ಲ. ಕಾಂಕ್ರೀಟು ನೀರು ಕುಡಿದು ಕೂತಿರುತ್ತದೆ. ಅದರ ಮೇಲೆ ವಾಟರ್‌ಪ್ರೂಫಿಂಗ್ ಬಳಿದರೆ ಹಿಡಿಯುವುದಿಲ್ಲ, ಒಳಗಿನ ತೇವಕ್ಕೆ ಉಬ್ಬಿ ಏಳುತ್ತದೆ. ಆಗದ್ದನ್ನು ಕೇಳಿದರೆ "ಮಳೆ ಬಿಡ್ಲಿ" ಎಂಬ ಉತ್ತರವನ್ನು ನಾವೇ ಅವರ ಕೈಗೆ ಕೊಟ್ಟಂತೆ. ಹಾಗಾಗಿ ಕೆಲಸವನ್ನು ಮೂರಾಗಿ ಒಡೆದೆವು. ಸ್ವಿಚ್ ಬೋರ್ಡ್ ಈಗಲೇ, ಮಳೆಗೂ ಅದಕ್ಕೂ ಸಂಬಂಧವಿಲ್ಲ. ಬಿರುಕಿನ ಮೇಲೆ ಟಾರ್ಪಾಲು ಹೊದಿಸುವುದು ಮುಂದಿನ ಹೊಳವಿನಲ್ಲಿ. ಪಕ್ಕಾ ರಿಪೇರಿ ಮಳೆ ಮುಗಿದ ಮೇಲೆ, ಆದರೆ ಇಂತಹ ತಾರೀಖಿನೊಳಗೆ ಎಂದು ಈಗಲೇ ಬರೆದು ಒಪ್ಪಿಕೊಳ್ಳುವುದು.

ಇನ್ನೊಂದು ವಿಷಯ ತಮ್ಮನ ಹೆಂಡತಿ ನೆನಪಿಸಿದಳು. ಅವಳ ತವರಿನಲ್ಲೂ ತೋಟ ಇದೆ. "ಈಗ ಕೊಳೆರೋಗಕ್ಕೆ ಔಷಧಿ ಹೊಡಿಯೋ ಹೊತ್ತು ಅಕ್ಕ. ಹೊಳವಾದ್ರೆ ಕೊನೆಗಾರರ ಹಿಂದೆ ಓಡ್ತಿರ್ತಾರೆ, ಶಿವಮೊಗ್ಗಕ್ಕೆ ಬರೋಕಾಗಲ್ಲ." ಅದು ನಿಜ. ಅವರು ಬರಲಿ ಎಂದು ಕಾದರೆ ಬೋರ್ಡ್ ಹಾಗೇ ಇರುತ್ತದೆ. ಆದ್ದರಿಂದ ಅವರು ಬರದೆಯೂ ಕೆಲಸ ಆಗುವ ದಾರಿಯನ್ನು ಪತ್ರದಲ್ಲೇ ಇಟ್ಟೆವು.

ಕೊನೆಗೆ ಕಳಿಸಿದ ಪತ್ರ ಇದು. ಹೆಸರು ಮತ್ತು ಮನೆ ನಂಬರ್ ಮಾತ್ರ ತೆಗೆದಿದ್ದೇನೆ.

"ದಿನಾಂಕ: ಜುಲೈ 26

ವಿಷಯ: ಮಲಗುವ ಕೋಣೆಯ ಸ್ವಿಚ್ ಬೋರ್ಡ್ ಮತ್ತು ತಾರಸಿ ಸೋರಿಕೆಯ ರಿಪೇರಿ

ಮಾನ್ಯರೇ, ನಮಸ್ಕಾರಗಳು.

ತಮ್ಮ ಗೋಪಾಳದ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇರುವ ನಾವು ಎರಡು ರಿಪೇರಿಗಳ ಬಗ್ಗೆ ಬರೆಯುತ್ತಿದ್ದೇವೆ. ಇದನ್ನು ಜೂನ್ 14ರಂದು ಫೋನಿನಲ್ಲಿ ತಿಳಿಸಿ, ಜುಲೈ 6ರಂದು ಫೋಟೊ ಕಳಿಸಿದ್ದೆವು.

ಮೊದಲನೆಯದು ತುರ್ತು. ಮಲಗುವ ಕೋಣೆಯ ಪಶ್ಚಿಮ ಗೋಡೆಯ ಸ್ವಿಚ್ ಬೋರ್ಡ್ ಮುಟ್ಟಿದರೆ ಶಾಕ್ ಹೊಡೆಯುತ್ತಿದೆ. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದಾಗ ಬಾಕ್ಸಿನೊಳಗೆ ನೀರಿತ್ತು. ಸದ್ಯಕ್ಕೆ ಆ ಕೋಣೆಯ ಲೈನ್ ಆಫ್ ಮಾಡಿದ್ದೇವೆ. ಬೋರ್ಡನ್ನು ಎದುರಿನ ಗೋಡೆಗೆ ಬದಲಾಯಿಸಬೇಕು, 3,200 ರೂಪಾಯಿ ಆಗುತ್ತದೆ ಎಂದು ಅವರು ಬರೆದುಕೊಟ್ಟಿದ್ದಾರೆ. ಚೀಟಿಯ ಫೋಟೊ ಜೊತೆಗಿದೆ. ತೋಟದ ಕೆಲಸದ ನಡುವೆ ತಾವು ಬರುವುದು ಕಷ್ಟವಾದರೆ, ನಾವೇ ನಿಂತು ಮಾಡಿಸಿ ಬಿಲ್ ಕಳಿಸುತ್ತೇವೆ. ಬೇರೆಯವರಿಂದ ಮಾಡಿಸುವುದಿದ್ದರೂ ಆಗಬಹುದು. ಜುಲೈ 29ರ ಸಂಜೆಯೊಳಗೆ ದಯವಿಟ್ಟು ತಿಳಿಸಿ. ಮನೆಯಲ್ಲಿ ಚಿಕ್ಕ ಮಗು ಇರುವುದರಿಂದ ಅದಕ್ಕಿಂತ ಹೆಚ್ಚು ಕಾಯಲು ನಮಗೆ ಆಗುವುದಿಲ್ಲ. ಅಷ್ಟರೊಳಗೆ ತಮ್ಮಿಂದ ಉತ್ತರ ಬರದಿದ್ದರೆ 30ರಂದು ಈ ಕೆಲಸವನ್ನು ಮಾಡಿಸಿ, ಬಿಲ್ಲನ್ನು ತಮಗೆ ಕಳಿಸುತ್ತೇವೆ.

ಎರಡನೆಯದು ತಾರಸಿ. ಅದೇ ಗೋಡೆಯ ಮೇಲ್ಮೂಲೆಯ ಒದ್ದೆ ಕಲೆ ಜುಲೈ 12ರಂದು ಎರಡೂವರೆ ಅಡಿ ಅಗಲ ಇತ್ತು, ಈಗ ನಾಲ್ಕು ಅಡಿ ಆಗಿದೆ. ತಾರಸಿಯ ಪೈಪಿನ ಬಾಯಿಗೆ ಕಟ್ಟಿದ್ದ ಎಲೆಗಳನ್ನು ನಾವು ತೆಗೆದಿದ್ದೇವೆ, ಈಗ ನೀರು ನಿಲ್ಲುತ್ತಿಲ್ಲ. ಆದರೂ ಮಳೆ ಬಂದಾಗ ಗೋಡೆ ಒದ್ದೆಯಾಗುತ್ತಿದೆ. ಪ್ಯಾರಪೆಟ್ ಗೋಡೆಯ ಬುಡದಲ್ಲಿ ಸುಮಾರು ಐದು ಅಡಿ ಉದ್ದದ ಬಿರುಕಿದೆ. ಮಳೆಯಲ್ಲಿ ಪಕ್ಕಾ ಕೆಲಸ ಆಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಸದ್ಯಕ್ಕೆ ಆ ಜಾಗಕ್ಕೆ ಟಾರ್ಪಾಲು ಹೊದಿಸಲು ಒಪ್ಪಿಗೆ ಕೊಡಿ, ಅದನ್ನು ನಾವೇ ತರುತ್ತೇವೆ. ಬಿರುಕು ಮುಚ್ಚಿಸಿ ವಾಟರ್‌ಪ್ರೂಫಿಂಗ್ ಮಾಡಿಸುವ ಕೆಲಸ ನವೆಂಬರ್ 30ರೊಳಗೆ ಆಗಬೇಕೆಂದು ಕೇಳಿಕೊಳ್ಳುತ್ತೇವೆ. ಈ ತಾರೀಖು ಒಪ್ಪಿಗೆಯೇ ಎಂದು ಆಗಸ್ಟ್ 10ರೊಳಗೆ ಬರೆದು ತಿಳಿಸಿ.

ನಮ್ಮ ಕರಾರಿನ 6ನೇ ಕಲಮಿನಂತೆ ತಾರಸಿ ಮತ್ತು ವೈರಿಂಗ್ ರಿಪೇರಿ ಮಾಲೀಕರಿಗೆ ಸೇರಿದ್ದು. ಬಾಡಿಗೆಯನ್ನು ಎಂದಿನಂತೆ ತಿಂಗಳ 5ನೇ ತಾರೀಖಿನೊಳಗೆ ಕಳಿಸುತ್ತೇವೆ. ತಾವು ಅಥವಾ ತಮ್ಮ ಕಡೆಯವರು ನೋಡಲು ಬರುವುದಿದ್ದರೆ ಯಾವ ದಿನವಾದರೂ ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಆರರ ಮೇಲೆ ಮನೆಯಲ್ಲಿರುತ್ತೇವೆ.

ವಂದನೆಗಳೊಂದಿಗೆ,"

ಕೊನೆಯ ಭಾಗದಲ್ಲಿ "ಬಾಡಿಗೆ ಎಂದಿನಂತೆ" ಎಂಬುದನ್ನು ಹಾಕಲು ತಮ್ಮನಿಗೆ ಮನಸ್ಸಿರಲಿಲ್ಲ. ನಾನು ಬಿಡಲಿಲ್ಲ. ತನ್ನ ಕಡೆಯ ಕರಾರನ್ನು ಪೂರ್ತಿ ಪಾಲಿಸುವವರು ಎದುರಿನವರಿಂದ ಅವರ ಕಡೆಯದನ್ನು ಕೇಳುವಾಗ ದನಿ ಏರಿಸಬೇಕಾಗುವುದಿಲ್ಲ. "ದಯವಿಟ್ಟು" ಎಂಬ ಮಾತನ್ನು ನಾನು ಒಂದೇ ಕಡೆ ಇಟ್ಟೆ. ಪ್ರತಿ ಸಾಲಿಗೂ ಅದನ್ನು ಸೇರಿಸಿದರೆ ಕೇಳುತ್ತಿರುವುದು ಉಪಕಾರ ಎಂಬಂತೆ ಕಾಣುತ್ತದೆ. "ಕಾಯಲು ಆಗುವುದಿಲ್ಲ" ಎಂಬುದನ್ನು ತಮ್ಮನ ಹೆಂಡತಿ ಒರಟಾಯಿತೇನೋ ಎಂದಳು. ಅದರ ಹಿಂದೆ ಮಗುವಿನ ಕಾರಣ ಇದೆ, ಹಾಗಾಗಿ ಇರಲಿ ಎಂದೆ.

ಪತ್ರವನ್ನು ಎರಡು ಪ್ರತಿ ಪ್ರಿಂಟ್ ಮಾಡಿಸಿ ಒಂದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಸಹಿ ಹಾಕಿದ ಪ್ರತಿಯ ಫೋಟೊವನ್ನು ಅದೇ ದಿನ ವಾಟ್ಸ್‌ಆ್ಯಪ್‌ನಲ್ಲೂ ಹಾಕಿದೆವು. ಹಳ್ಳಿಗೆ ಪೋಸ್ಟ್ ತಲುಪುವುದು ತಡವಾಗಬಹುದು, ಬೋರ್ಡಿನ ಗಡುವು ಹತ್ತಿರವಿತ್ತು.

ಮಾರನೇ ದಿನ ರಾತ್ರಿ ಓನರ್ ಫೋನ್ ಮಾಡಿದರು. ಮೊದಲು ಕೇಳಿದ್ದು ಮಗುವನ್ನು. "ಶಾಕ್ ಹೊಡೀತದೆ ಅಂತ ನೀವು ಸರಿಯಾಗಿ ಹೇಳ್ಲೇ ಇಲ್ಲ ಮಾರಾಯ್ರೇ, ಗೋಡೆ ಥಂಡಿ ಅಂತ ಅಷ್ಟೇ ಅಂದ್ಕೊಂಡಿದ್ದೆ. ಬೋರ್ಡ್ ನಾಳೆನೇ ಮಾಡ್ಸಿ, ದುಡ್ಡು ಹಾಕ್ತೀನಿ" ಎಂದರು. ಅದನ್ನು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯಿತು. ಮಾತು ಮುಗಿದ ಮೇಲೆ ತಮ್ಮನಿಂದ ಒಂದು ಮೆಸೇಜು ಹಾಕಿಸಿದೆ: "ಫೋನಿನಲ್ಲಿ ತಿಳಿಸಿದಂತೆ ನಾಳೆ ಬೋರ್ಡ್ ಬದಲಾಯಿಸುತ್ತೇವೆ, 3,200 ರೂಪಾಯಿ ತಾವು ಕೊಡುವುದಾಗಿ ಹೇಳಿದ್ದೀರಿ. ಧನ್ಯವಾದಗಳು." ಅವರು "ಸರಿ" ಎಂದು ಉತ್ತರ ಹಾಕಿದರು. ಬಾಯಿಮಾತಿನ ಒಪ್ಪಿಗೆ ಹೀಗೆ ಬರಹಕ್ಕೆ ಬಂತು.

ತಾರಸಿ ವಿಷಯ ಅಷ್ಟು ಸಲೀಸಾಗಲಿಲ್ಲ. ಆಗಸ್ಟ್ 10 ಕಳೆದರೂ ಉತ್ತರವಿಲ್ಲ. ಮತ್ತೆ ದೊಡ್ಡ ಪತ್ರ ಬರೆಯಲಿಲ್ಲ. "ಜುಲೈ 26ರ ಪತ್ರದಲ್ಲಿ ತಾರಸಿಗೆ ನವೆಂಬರ್ 30 ಎಂದು ಕೇಳಿದ್ದೆವು, ತಮ್ಮ ಅಭಿಪ್ರಾಯ ತಿಳಿಸಿ" ಎಂದು ಎರಡೇ ಸಾಲು. ಅವರು ಅಡಿಕೆ ಕೊಯ್ಲಿನ ಕಾರಣ ಹೇಳಿ ಡಿಸೆಂಬರ್ 20ರೊಳಗೆ ಎಂದರು. ಒಪ್ಪಿದೆವು. ಮಳೆ ಇಲ್ಲದ ತಿಂಗಳಲ್ಲಿ ಇಪ್ಪತ್ತು ದಿನ ಆಚೀಚೆಯಾದರೆ ಗೋಡೆಗೆ ಏನೂ ಆಗುವುದಿಲ್ಲ, ತಾರೀಖು ಬರಹದಲ್ಲಿ ಬಂದರೆ ಸಾಕಿತ್ತು. ಗೋಡೆ ಒಣಗಿ ಎಲ್ಲರೂ ಮರೆಯುವ ಹೊತ್ತಿಗೆ, ಅಂದರೆ ನವೆಂಬರ್ ಕೊನೆಯಲ್ಲಿ, ಅದೇ ಮಾತನ್ನು ತೋರಿಸಿ ಇನ್ನೊಮ್ಮೆ ನೆನಪಿಸಿದೆವು.

ಡಿಸೆಂಬರ್ ಮಧ್ಯದಲ್ಲಿ ಗಾರೆ ಕೆಲಸದವರು ಬಂದರು. ಬಿರುಕನ್ನು ಅಗಲ ಮಾಡಿ ಕೊರೆದು ತುಂಬಿಸಿ, ಸಂದಿಗೆ ಇಳಿಜಾರಾಗಿ ಗಾರೆ ಕಟ್ಟಿ, ಮೇಲೆ ಎರಡು ಕೋಟ್ ಬಳಿದರು. ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಒಂದು ದಿನ ಪೂರ್ತಿ ನೀರು ನಿಲ್ಲಿಸಿ ನೋಡಿದರು. ಕೆಳಗೆ ಹೊಸದಾಗಿ ಒದ್ದೆಯಾಗಲಿಲ್ಲ. ಒಳಗಿನ ಗೋಡೆಗೆ ಬಣ್ಣ ಹೊಡೆಸುವುದನ್ನು ಮಾತ್ರ ಓನರ್ ಒಪ್ಪಿಲ್ಲ. ಪತ್ರದಲ್ಲಿ ನಾವು ಅದನ್ನು ಕೇಳಿರಲಿಲ್ಲ. ಸಾಮಾನು ಅವರು ತರುವುದು, ಕೂಲಿ ತಮ್ಮ ಕೊಡುವುದು ಎಂಬ ಮಾತು ಈಗ ನಡೆಯುತ್ತಿದೆ. ಆರ್‌ಸಿಸಿಬಿ ವಿಷಯವನ್ನೂ ಅದರ ಜೊತೆಗೇ ಕೇಳಬೇಕು.